21 ತಂಡ, ಒಂದೇ ಮೈದಾನ: ನಮ್ಮ ಬಡಾವಣೆಯ ನಾಕೌಟ್ ಟೂರ್ನಿಗೆ ಡ್ರಾ ಹಾಕಿದ ಕಥೆ

ಬೆಂಗಳೂರಿನ ಹೊರವಲಯದ ನಮ್ಮ ಬಡಾವಣೆಯಲ್ಲಿ ಸಂಕ್ರಾಂತಿ ಮುಗಿದ ಮೇಲೆ ಪ್ರತಿ ವರ್ಷ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿ ನಡೆಯುತ್ತದೆ. ಒಂದು ಇನಿಂಗ್ಸ್‌ಗೆ ಆರು ಓವರ್. ಸೋತವರು ಮನೆಗೆ. ಹೋದ ಸಲ ಫೈನಲ್ ದಿನ ದೊಡ್ಡ ಜಗಳವಾಯಿತು. ಹಾಗಾಗಿ ಈ ಸಲ ಡ್ರಾ ಮತ್ತು ವೇಳಾಪಟ್ಟಿಯ ಕೆಲಸವನ್ನು ಸಮಿತಿಯವರು ನನಗೆ ಕೊಟ್ಟರು. ಹಿಂದಿನ ಸಲ ಏನು ತಪ್ಪಾಯಿತು, ಈ ಸಲ ಏನು ಮಾಡಿದೆವು, ಎಲ್ಲಿ ಎಡವಿದೆವು ಎಂಬುದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಜಗಳದಿಂದಲೇ ಶುರು ಮಾಡುತ್ತೇನೆ. ಹೋದ ವರ್ಷ 19 ತಂಡಗಳಿದ್ದವು. ಹೆಸರು ಕೊಟ್ಟ ಕ್ರಮದಲ್ಲೇ ಪಟ್ಟಿ ಬರೆದು, ಮೇಲಿಂದ ಇಬ್ಬಿಬ್ಬರನ್ನು ಜೋಡಿ ಮಾಡಲಾಗಿತ್ತು. ಒಂಬತ್ತು ಪಂದ್ಯ ಆದ ಮೇಲೆ ಕೊನೆಯಲ್ಲಿ ಒಂದು ತಂಡ ಉಳಿಯಿತು. ಅದಕ್ಕೆ ಬೈ, ಅಂದರೆ ಆಡದೆಯೇ ಮುಂದಿನ ಸುತ್ತಿಗೆ. ಎರಡನೇ ಸುತ್ತಿಗೆ ಹತ್ತು ತಂಡ ಬಂದವು, ಐದು ಪಂದ್ಯ ನಡೆದವು. ಪಟ್ಟಿಯ ತುದಿಯಲ್ಲಿದ್ದ ಆ ತಂಡವೂ ಆಡಿ ಗೆದ್ದಿತು. ಈಗ ಐದು ತಂಡ. ಮತ್ತೆ ಮೇಲಿಂದ ಜೋಡಿ ಮಾಡಿದರೆ ಎರಡು ಪಂದ್ಯ, ಒಂದು ತಂಡ ಬಾಕಿ. ಬಾಕಿ ಉಳಿದಿದ್ದು ಅದೇ ತುದಿಯ ತಂಡ. ಮತ್ತೆ ಬೈ. ನಂತರ ಮೂರು ತಂಡ: ಒಂದು ಪಂದ್ಯ, ಮತ್ತೊಂದು ಬೈ, ಅದೂ ಅದೇ ತಂಡಕ್ಕೆ. ಹೀಗೆ ಆ ತಂಡ ಒಂದೇ ಒಂದು ಪಂದ್ಯ ಗೆದ್ದು ಫೈನಲ್‌ಗೆ ಬಂತು. ಎದುರಾಳಿ ತಂಡ ನಾಲ್ಕು ಪಂದ್ಯ ಗೆದ್ದು ಬಂದಿತ್ತು. ಫೈನಲ್‌ನಲ್ಲಿ ಗೆದ್ದವರು ಆ ನಾಲ್ಕು ಪಂದ್ಯದವರೇ. ಆದರೂ ನೋಡಲು ಬಂದವರು ಕೂಗಾಡಿದರು. ರನ್ನರ್ಸ್ ಅಪ್ ಹುಡುಗರಂತೂ ತಲೆ ತಗ್ಗಿಸಿ ಟ್ರೋಫಿ ತೆಗೆದುಕೊಂಡರು. ಅವರದೇನೂ ತಪ್ಪಿರಲಿಲ್ಲ. ಅವರು ಹೆಸರು ಕೊಟ್ಟಿದ್ದು ಕೊನೆಗೆ, ಅಷ್ಟೇ.

ತಪ್ಪಿದ್ದದ್ದು ಬೈ ಕೊಟ್ಟ ರೀತಿಯಲ್ಲಿ. ಯಾವ ಸುತ್ತಿನಲ್ಲಿ ತಂಡಗಳ ಸಂಖ್ಯೆ ಬೆಸ ಬರುತ್ತದೋ ಆ ಸುತ್ತಿನಲ್ಲಿ ಒಂದು ಬೈ ಕೊಟ್ಟುಕೊಂಡು ಹೋಗಿದ್ದರು. ಹೀಗೆ ಮಾಡಿದರೆ ಬೈ ಸೆಮಿಫೈನಲ್‌ವರೆಗೂ ಬರಬಹುದು. ಸರಿಯಾದ ರೀತಿ ಎಂದರೆ ಬೈಗಳೆಲ್ಲ ಮೊದಲ ಸುತ್ತಿನಲ್ಲೇ ಮುಗಿಯಬೇಕು. ಎರಡನೇ ಸುತ್ತಿಗೆ 16 ಅಥವಾ 8 ತಂಡಗಳೇ ಉಳಿಯುವಂತೆ ನೋಡಿಕೊಂಡರೆ ಆಮೇಲೆ ಎಲ್ಲೂ ಬೆಸ ಬರುವುದಿಲ್ಲ. 16, 8, 4, 2, ನೇರ ಇಳಿಯುತ್ತದೆ.

ಇದನ್ನು ಸಮಿತಿಯಲ್ಲಿ ಹೇಳಿದಾಗ ಒಬ್ಬ ಹಿರಿಯರು, "ಅಷ್ಟೊಂದು ಬೈ ಕೊಟ್ರೆ ಪಂದ್ಯ ಕಡಿಮೆ ಆಗಲ್ವೇನಪ್ಪಾ? ಹುಡುಗರು ದುಡ್ಡು ಕೊಟ್ಟಿದಾರೆ" ಅಂದರು. ಒಳ್ಳೆಯ ಪ್ರಶ್ನೆ. ಆದರೆ ನಾಕೌಟ್‌ನಲ್ಲಿ ಪ್ರತಿ ಪಂದ್ಯವೂ ಒಂದೇ ಒಂದು ತಂಡವನ್ನು ಹೊರಗೆ ಹಾಕುತ್ತದೆ. 21 ತಂಡಗಳಲ್ಲಿ ಒಂದು ಉಳಿಯಬೇಕಾದರೆ 20 ತಂಡ ಹೊರಗೆ ಹೋಗಬೇಕು. ಅಂದರೆ ಬೈ ಹೇಗೇ ಕೊಟ್ಟರೂ 20 ಪಂದ್ಯ ಆಗಲೇಬೇಕು. ಯಾರು ಹೆಚ್ಚು ಆಡುತ್ತಾರೆ, ಯಾರು ಕಡಿಮೆ ಆಡುತ್ತಾರೆ ಎಂಬುದು ಮಾತ್ರ ಬದಲಾಗುತ್ತದೆ. ಇದನ್ನು ಹಾಳೆಯ ಮೇಲೆ ಬಿಡಿಸಿ ತೋರಿಸಿದೆ. ಅವರು ಒಪ್ಪಿದರು.

ಈ ಸಲ ಶುಲ್ಕ ಕಟ್ಟಿದ ತಂಡಗಳು 21. 21ಕ್ಕಿಂತ ಮೇಲೆ, ಹೀಗೆ ಅರ್ಧ ಅರ್ಧವಾಗಿ ನೇರ ಇಳಿಯುವ ಮೊದಲ ಸಂಖ್ಯೆ 32. 32ರಲ್ಲಿ 21 ಕಳೆದರೆ 11. ಅಷ್ಟು ಬೈ. ಉಳಿದ ಹತ್ತು ತಂಡಗಳು ಮೊದಲ ಸುತ್ತಿನಲ್ಲಿ ಐದು ಪಂದ್ಯ ಆಡುತ್ತವೆ. ಐದು ವಿಜೇತರು, ಹನ್ನೊಂದು ಬೈ ತಂಡಗಳು ಸೇರಿ ಹದಿನಾರು. ಈ ಲೆಕ್ಕ ಸುಲಭ. ಕಷ್ಟವಿರುವುದು ಆ ಹನ್ನೊಂದು ಬೈಗಳನ್ನು ಪಟ್ಟಿಯಲ್ಲಿ ಎಲ್ಲೆಲ್ಲಿ ಇಡಬೇಕು ಎಂಬುದರಲ್ಲಿ.

ದೈಹಿಕ ಶಿಕ್ಷಣದ ಪಾಠದಲ್ಲಿ ಇದಕ್ಕೊಂದು ಕ್ರಮ ಹೇಳಿಕೊಡುತ್ತಾರೆ. ಪಟ್ಟಿಯನ್ನು ಮೇಲಿನ ಅರ್ಧ, ಕೆಳಗಿನ ಅರ್ಧ ಅಂತ ಎರಡು ಮಾಡಬೇಕು. ತಂಡಗಳು ಬೆಸ ಇದ್ದರೆ ಮೇಲೆ ಒಂದು ಹೆಚ್ಚು. ನಮಗೆ ಮೇಲೆ 11, ಕೆಳಗೆ 10. ಮೊದಲ ಬೈ ಕೆಳಗಿನ ಅರ್ಧದ ಕೊನೆಯ ಸಾಲಿಗೆ, ಎರಡನೆಯದು ಮೇಲಿನ ಅರ್ಧದ ಮೊದಲ ಸಾಲಿಗೆ, ಮೂರನೆಯದು ಕೆಳಗಿನ ಅರ್ಧದ ಮೊದಲ ಸಾಲಿಗೆ, ನಾಲ್ಕನೆಯದು ಮೇಲಿನ ಅರ್ಧದ ಕೊನೆಯ ಸಾಲಿಗೆ. ಆಮೇಲೆ ಅದೇ ಸುತ್ತು, ಒಂದೊಂದು ಸಾಲು ಒಳಕ್ಕೆ ಸರಿಯುತ್ತಾ. ಹೀಗೆ ಹಾಕಿದರೆ ನಮ್ಮ ಪಟ್ಟಿಯಲ್ಲಿ ಮೇಲೆ 1, 2, 3, 10, 11ನೇ ಸಾಲುಗಳಿಗೆ ಬೈ. ಕೆಳಗೆ 12, 13, 14, 19, 20, 21ಕ್ಕೆ ಬೈ. ಉಳಿದವರಲ್ಲಿ 4–5, 6–7, 8–9, 15–16, 17–18 ಆಡುತ್ತಾರೆ.

ಈ ಕ್ರಮದಲ್ಲಿ ಒಂದು ಜಾಣತನವಿದೆ. ಬಲಿಷ್ಠ ತಂಡಗಳು ಬೇಗ ಮುಖಾಮುಖಿ ಆಗಬಾರದು ಅಂತ ಒಂದನ್ನು ಪಟ್ಟಿಯ ತಲೆಗೆ, ಇನ್ನೊಂದನ್ನು ಬುಡಕ್ಕೆ ಇಡುತ್ತಾರಲ್ಲ, ಮೊದಲೆರಡು ಬೈ ಹೋಗುವುದು ಆ ಎರಡು ಸಾಲಿಗೇ. ನಾವೂ ಹಾಗೇ ಮಾಡಿದೆವು. ಹಾಲಿ ಚಾಂಪಿಯನ್ನರು 1ನೇ ಸಾಲು, ಹೋದ ವರ್ಷದ ರನ್ನರ್ಸ್ ಅಪ್ 21ನೇ ಸಾಲು. ಇವರಿಬ್ಬರೂ ಎದುರಾಗುವುದಾದರೆ ಫೈನಲ್‌ನಲ್ಲೇ. ಬೇರೆ ಯಾರಿಗೂ ಸೀಡ್ ಕೊಡಲಿಲ್ಲ. ಬಡಾವಣೆಯ ತಂಡಗಳಲ್ಲಿ ಆಟಗಾರರು ವರ್ಷ ವರ್ಷ ಬದಲಾಗುತ್ತಾರೆ. ಮೂರನೇ, ನಾಲ್ಕನೇ ಬಲಿಷ್ಠ ತಂಡ ಯಾವುದು ಅಂತ ನಾವು ಕೂತು ತೀರ್ಮಾನ ಮಾಡಿದರೆ ಅದು ಬರೀ ಊಹೆ ಆಗುತ್ತಿತ್ತು.

ಆದರೆ ಈ ಪಟ್ಟಿಯನ್ನು ಮುಂದಕ್ಕೆ ಬಿಡಿಸಿದಾಗ ಒಂದು ತೊಡಕು ಕಾಣಿಸಿತು. ಎರಡನೇ ಸುತ್ತಿನಲ್ಲಿ 6–7ರ ವಿಜೇತರು ಮತ್ತು 8–9ರ ವಿಜೇತರು ಒಬ್ಬರಿಗೊಬ್ಬರು ಆಡಬೇಕು. ಪಕ್ಕದಲ್ಲೇ 10 ಮತ್ತು 11, ಇಬ್ಬರೂ ಬೈ ಪಡೆದವರು, ತಮ್ಮತಮ್ಮಲ್ಲೇ ಆಡುತ್ತಾರೆ. ಇದು ಅನ್ಯಾಯ ಅಂತೇನೂ ಅಲ್ಲ. ಆದರೆ ಒಂದು ಪಂದ್ಯ ಎರಡು ಬೇರೆ ಪಂದ್ಯಗಳ ಫಲಿತಾಂಶಕ್ಕೆ ಕಾಯಬೇಕಾಗುತ್ತದೆ. ಆ ಎರಡರಲ್ಲಿ ಯಾವುದು ತಡವಾದರೂ ಇದು ತಡ. ಒಂದೇ ಮೈದಾನ ಇರುವವರಿಗೆ ಇದು ತಲೆನೋವು. ಹಾಗಾಗಿ ಒಂದು ಬೈಯನ್ನು 10ನೇ ಸಾಲಿನಿಂದ 8ನೇ ಸಾಲಿಗೆ ಸರಿಸಿದೆ. ಈಗ 6–7ರ ವಿಜೇತರು 8ನೇ ಸಾಲಿನ ತಂಡದ ಜೊತೆ, 9–10ರ ವಿಜೇತರು 11ನೇ ಸಾಲಿನ ತಂಡದ ಜೊತೆ. ಚೀಟಿ ಎತ್ತುವ ಮೊದಲೇ ಸರಿಸಿದ್ದರಿಂದ ಯಾವ ತಂಡಕ್ಕೂ ಲಾಭ ನಷ್ಟ ಆಗಲಿಲ್ಲ. ಸಾಲುಗಳಿಗೆ ಇನ್ನೂ ಹೆಸರೇ ಇರಲಿಲ್ಲ.

ಕೊನೆಗೆ ಪಟ್ಟಿ ಹೀಗಾಯಿತು. ಇಲ್ಲಿರುವ ಅಂಕಿಗಳು ಸಾಲಿನ ಅಂಕಿಗಳು.

ಪಂದ್ಯ 1: 4 – 5
ಪಂದ್ಯ 2: 6 – 7
ಪಂದ್ಯ 3: 9 – 10
ಪಂದ್ಯ 4: 15 – 16
ಪಂದ್ಯ 5: 17 – 18

ಪಂದ್ಯ 6: 1 – 2
ಪಂದ್ಯ 7: 3 – ಪಂದ್ಯ 1ರ ವಿಜೇತರು
ಪಂದ್ಯ 8: ಪಂದ್ಯ 2ರ ವಿಜೇತರು – 8
ಪಂದ್ಯ 9: ಪಂದ್ಯ 3ರ ವಿಜೇತರು – 11
ಪಂದ್ಯ 10: 12 – 13
ಪಂದ್ಯ 11: 14 – ಪಂದ್ಯ 4ರ ವಿಜೇತರು
ಪಂದ್ಯ 12: ಪಂದ್ಯ 5ರ ವಿಜೇತರು – 19
ಪಂದ್ಯ 13: 20 – 21

ಇಲ್ಲಿ 6, 10, 13ನೇ ಪಂದ್ಯಗಳನ್ನು ಗಮನಿಸಿ. ಎರಡೂ ಕಡೆ ಬೈ ತಂಡಗಳು. ಈ ಮೂರು ಪಂದ್ಯ ಯಾವ ಫಲಿತಾಂಶಕ್ಕೂ ಕಾಯಬೇಕಿಲ್ಲ. ಟೂರ್ನಿಯ ಮೊದಲ ನಿಮಿಷದಿಂದಲೇ ಯಾರು ಯಾರ ವಿರುದ್ಧ ಅಂತ ಗೊತ್ತಿರುತ್ತದೆ. ವೇಳಾಪಟ್ಟಿ ಹಾಕುವವನಿಗೆ ಇವೇ ಆಪದ್ಬಾಂಧವರು. ಎಲ್ಲಿ ಬೇಕಾದರೂ ಇಡಬಹುದು. ಮೊದಲ ಸುತ್ತು ಗೆದ್ದವರಿಗೆ ವಿಶ್ರಾಂತಿ ಬೇಕಾದ ಕಡೆ ಇವನ್ನು ನಡುವೆ ತೂರಿಸಬಹುದು. ಬೈ ಹಂಚುವಾಗಲೇ ವೇಳಾಪಟ್ಟಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು ಅಂತ ನಾನು ಹೇಳುವುದು ಇದಕ್ಕೇ.

ಇನ್ನು ಸಮಯದ ಲೆಕ್ಕ. ಹೋದ ವರ್ಷ ಒಂದು ಪಂದ್ಯಕ್ಕೆ 45 ನಿಮಿಷ ಅಂತ ಬರೆದಿದ್ದರು. ಸಂಜೆಯ ಹೊತ್ತಿಗೆ ಎರಡು ಪಂದ್ಯ ಹಿಂದೆ ಬಿದ್ದು, ಕೊನೆಯದನ್ನು ಬೈಕ್‌ಗಳ ಹೆಡ್‌ಲೈಟ್ ಹಾಕಿಕೊಂಡು ಮುಗಿಸಿದ್ದರು. ಈ ಸಲ ನಾನು ಎರಡು ಅಭ್ಯಾಸ ಪಂದ್ಯಗಳಿಗೆ ಗಡಿಯಾರ ಹಿಡಿದು ಕೂತೆ. ಒಂದು ಓವರ್‌ಗೆ ನಾಲ್ಕು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಬೇಕು. ಬಾಲ್ ಎಸೆಯುವುದಕ್ಕಲ್ಲ, ಅದನ್ನು ಹುಡುಕುವುದಕ್ಕೆ. ಚರಂಡಿ, ಕಾಂಪೌಂಡ್, ಪಾರ್ಕ್ ಮಾಡಿದ ಕಾರಿನ ಕೆಳಗೆ. ಆರು ಓವರ್‌ಗೆ ಸುಮಾರು 26 ನಿಮಿಷ, ಎರಡು ಇನಿಂಗ್ಸ್‌ಗೆ 52, ಮಧ್ಯೆ ಐದು ನಿಮಿಷ. ಅಂದರೆ ಟಾಸ್ ಮೊದಲೇ ಆಗಿದ್ದರೆ ಒಂದು ಗಂಟೆ ಸಾಕು. ಟೈ ಆದರೆ ಸೂಪರ್ ಓವರ್‌ಗೆ ಇನ್ನೊಂದು ಹತ್ತು ನಿಮಿಷ. ಹೀಗಾಗಿ ಪಂದ್ಯಕ್ಕೆ ಒಂದು ಗಂಟೆ, ಮೂರು ಪಂದ್ಯ ಆದ ಮೇಲೆ ಅರ್ಧ ಗಂಟೆ ಖಾಲಿ ಅಂತ ಇಟ್ಟೆ. ಆ ಅರ್ಧ ಗಂಟೆಯನ್ನು ಯಾರು ಕೇಳಿದರೂ ಬಿಟ್ಟುಕೊಡಲಿಲ್ಲ. ಬಹುಮಾನ ಪ್ರಾಯೋಜಕರ ಭಾಷಣಕ್ಕೂ ಕೊಡಲಿಲ್ಲ.

ಮೈದಾನ ಸಿಕ್ಕಿದ್ದು ಎರಡು ವಾರಾಂತ್ಯ. ಶನಿವಾರ ಬೆಳಿಗ್ಗೆ ಅಲ್ಲಿ ಮಕ್ಕಳ ಕೋಚಿಂಗ್ ಇರುತ್ತದೆ, ಆದ್ದರಿಂದ ಮಧ್ಯಾಹ್ನ 2:30ರಿಂದ ಮೂರು ಪಂದ್ಯ. ಭಾನುವಾರ ಬೆಳಿಗ್ಗೆ ಐದು, ಮಧ್ಯಾಹ್ನ ಮೂರು. ಜನವರಿಯಲ್ಲಿ ಇಲ್ಲಿ ಬೆಳಕಾಗುವುದೇ ಆರೂ ಮುಕ್ಕಾಲಿನ ಹೊತ್ತಿಗೆ. ಸಂಜೆ ಆರೂ ಕಾಲಿಗೆ ಸೂರ್ಯ ಮುಳುಗುತ್ತಾನೆ. 7:15ಕ್ಕಿಂತ ಮೊದಲು ಶುರು ಮಾಡಲಾಗದು, ಆರರ ನಂತರ ಆಡಿಸಲಾಗದು. ಒಟ್ಟು 22 ಜಾಗ, 20 ಪಂದ್ಯ. ಕೇಳಿದರೆ ಆರಾಮ ಅನಿಸುತ್ತದೆ. ಆದರೆ ಕೊನೆಯ ಭಾನುವಾರ ಎಂಟು ಪಂದ್ಯ ಇಟ್ಟುಬಿಟ್ಟರೆ ಫೈನಲ್‌ಗೆ ಬಂದವರು ಒಂದೇ ದಿನ ಉಸಿರು ತೆಗೆಯದೆ ಆಡಬೇಕಾಗುತ್ತದೆ. ಅದಕ್ಕೇ ನಾನು ಪಟ್ಟಿಯನ್ನು ಕೊನೆಯಿಂದ ಹಿಂದಕ್ಕೆ ತುಂಬಿದೆ. ಫೈನಲ್ ಭಾನುವಾರ ಸಂಜೆ ನಾಲ್ಕಕ್ಕೆ. ಸೆಮಿಫೈನಲ್‌ಗಳು ಅದೇ ದಿನ 10:45 ಮತ್ತು 11:45ಕ್ಕೆ. ಅದಕ್ಕೂ ಮೊದಲು 7:15, 8:15, 9:15ಕ್ಕೆ ಮೂರು ಕ್ವಾರ್ಟರ್ ಫೈನಲ್. ನಾಲ್ಕನೆಯದು ಹಿಂದಿನ ದಿನ. ಒಂದು ತಂಡದ ಎರಡು ಪಂದ್ಯಗಳ ನಡುವೆ ಕನಿಷ್ಠ ಒಂದೂವರೆ ಗಂಟೆ ಇರಲೇಬೇಕು ಅಂತ ನಿಯಮ ಬರೆದೆವು.

ಈ ನಾಲ್ಕನೇ ಕ್ವಾರ್ಟರ್ ಫೈನಲ್ ವಿಷಯದಲ್ಲಿ ನನ್ನ ತಪ್ಪನ್ನು ಒಬ್ಬ ನಾಯಕ ಹಿಡಿದ. ನಾನು ಸುಮ್ನೆ ಪಟ್ಟಿಯ ಮೊದಲ ಕ್ವಾರ್ಟರ್ ಫೈನಲನ್ನು ಶನಿವಾರಕ್ಕೆ ಹಾಕಿದ್ದೆ. "ಅಣ್ಣಾ, ಶನಿವಾರ ಆಡಿದೋರಿಗೆ ಭಾನುವಾರ ಎರಡೇ ಮ್ಯಾಚು. ನಮಗೆಲ್ಲ ಮೂರು. ಅದು ಚಾಂಪಿಯನ್ನರ ಗುಂಪಿಗೇ ಯಾಕೆ?" ಅಂತ ಕೇಳಿದ. ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಎರಡನೇ ಸುತ್ತಿನ ಪಂದ್ಯಗಳು ಕ್ರಮವಾಗಿ ಎರಡೆರಡು ಸೇರಿ ಒಂದೊಂದು ಕ್ವಾರ್ಟರ್ ಫೈನಲ್ ಗುಂಪು. ಎರಡನೇ ಗುಂಪಿನ 8 ಮತ್ತು 9ನೇ ಪಂದ್ಯಗಳು ಅದೇ ಶನಿವಾರ ನಡೆಯಬೇಕಿದ್ದರಿಂದ ಅದನ್ನು ಸೇರಿಸಲು ಆಗುತ್ತಿರಲಿಲ್ಲ. ಉಳಿದ ಮೂರು ಗುಂಪುಗಳ ಹೆಸರು ಬರೆದು ಎಲ್ಲ ನಾಯಕರ ಎದುರು ಒಂದು ಮಗುವಿನ ಕೈಲಿ ಚೀಟಿ ಎತ್ತಿಸಿದೆವು. ಮೂರನೇ ಗುಂಪು ಬಂತು. ಮೂರನೇ ಗುಂಪಿನಲ್ಲಿ ಗೆದ್ದವರಿಗೆ ಭಾನುವಾರ ಒಂದು ಪಂದ್ಯ ಕಡಿಮೆ, ಇದು ನಿಜ. ಆ ಅಸಮಾನತೆಯನ್ನು ತೆಗೆದುಹಾಕಲು ನಮ್ಮ ಹತ್ತಿರ ಜಾಗ ಇರಲಿಲ್ಲ. ಅದು ಯಾರಿಗೆ ಸಿಗಬೇಕು ಎಂಬುದನ್ನು ನಾವು ಆರಿಸದೆ ಚೀಟಿಗೆ ಬಿಟ್ಟೆವು.

ಮೊದಲ ಶನಿವಾರ 1, 2, 3ನೇ ಪಂದ್ಯಗಳು. ಮೊದಲ ಭಾನುವಾರ ಹೀಗೆ:

7:15 – ಪಂದ್ಯ 4
8:15 – ಪಂದ್ಯ 5
9:15 – ಪಂದ್ಯ 6
10:15 – ಖಾಲಿ ಅರ್ಧ ಗಂಟೆ
10:45 – ಪಂದ್ಯ 11
11:45 – ಪಂದ್ಯ 12
2:30 – ಪಂದ್ಯ 10
3:30 – ಪಂದ್ಯ 13
4:30 – ಪಂದ್ಯ 7

4ನೇ ಪಂದ್ಯ ಗೆದ್ದವರು 11ನೇ ಪಂದ್ಯ ಆಡಬೇಕು, 5ನೆಯದನ್ನು ಗೆದ್ದವರು 12ನೆಯದನ್ನು. ನಡುವೆ 6ನೇ ಪಂದ್ಯ ಮತ್ತು ಖಾಲಿ ಸಮಯ ಇರುವುದರಿಂದ ಇಬ್ಬರಿಗೂ ಎರಡೂವರೆ ಗಂಟೆ ಸಿಗುತ್ತದೆ. ಮಧ್ಯಾಹ್ನದ ಮೂರೂ ಪಂದ್ಯಗಳು ಆ ದಿನ ಬೆಳಗಿನ ಫಲಿತಾಂಶಕ್ಕೆ ಕಾಯುವುದಿಲ್ಲ. ಬೆಳಿಗ್ಗೆ ಏನೇ ಹೆಚ್ಚುಕಡಿಮೆ ಆದರೂ ಮಧ್ಯಾಹ್ನ 2:30ಕ್ಕೆ ಬಂದವರು ಆಡಬಹುದು. ಪಟ್ಟಿಯ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು ಸೇರಿಸಿದೆವು: ಬರೆದ ಸಮಯಕ್ಕಿಂತ ಮೊದಲು ಯಾವ ಪಂದ್ಯವೂ ಶುರುವಾಗುವುದಿಲ್ಲ. ಬೇಗ ಮುಗಿಯಿತು ಅಂತ ಮುಂದಿನವರನ್ನು ಫೋನ್ ಮಾಡಿ ಕರೆಯಲು ಹೋದರೆ ಅರ್ಧ ತಂಡ ಬಂದಿರುತ್ತದೆ, ಅರ್ಧ ಬಂದಿರುವುದಿಲ್ಲ. ಹೊಸ ಜಗಳಕ್ಕೆ ಅಷ್ಟು ಸಾಕು.

ಅಂಪೈರ್‌ಗಳ ಸಮಸ್ಯೆಯೂ ಬೈ ತಂಡಗಳಿಂದಲೇ ಬಗೆಹರಿಯಿತು. ಆ ಹೊತ್ತಿಗೆ ಪಂದ್ಯವಿಲ್ಲದ, ಪಟ್ಟಿಯ ಇನ್ನೊಂದು ಅರ್ಧದಲ್ಲಿರುವ ಬೈ ತಂಡದಿಂದ ಇಬ್ಬರು ಬರುತ್ತಿದ್ದರು. ಆಡುವ ಎರಡು ತಂಡಗಳಲ್ಲಿ ಯಾರು ಗೆದ್ದರೂ ಫೈನಲ್‌ಗಿಂತ ಮೊದಲು ಅವರಿಗೆ ಎದುರಾಗುವುದಿಲ್ಲ.

ಚೀಟಿ ಎತ್ತಿದ್ದು ಬುಧವಾರ. ಗುರುವಾರ ಇಪ್ಪತ್ತೆರಡನೇ ತಂಡ ಬಂತು, ಶುಲ್ಕ ಕೈಯಲ್ಲಿ ಹಿಡಿದುಕೊಂಡೇ. ಲೆಕ್ಕದ ದೃಷ್ಟಿಯಿಂದ ಸೇರಿಸುವುದು ಕಷ್ಟವಲ್ಲ. ಒಂದು ತಂಡ ಹೆಚ್ಚಾದರೆ ಒಂದು ಬೈ ಕಡಿಮೆ, ಒಂದು ಪಂದ್ಯ ಹೆಚ್ಚು, ಅಷ್ಟೇ. ಆದರೆ ಚೀಟಿಯಲ್ಲಿ ಬೈ ಬಂದ ತಂಡಕ್ಕೆ ಹೋಗಿ "ನಿಮ್ಮ ಬೈ ವಾಪಸ್ ಕೊಡಿ" ಅಂತ ಕೇಳುವುದು ಹೇಗೆ? ಹಾಗಾಗಿ ಅವರನ್ನು ಕಾಯುವ ಪಟ್ಟಿಯಲ್ಲಿ ಬರೆದುಕೊಂಡೆವು.

ಶುಕ್ರವಾರ ಸಂಜೆ 13ನೇ ಸಾಲಿನ ತಂಡದ ನಾಯಕ ಫೋನ್ ಮಾಡಿದ. ಅವನ ತಂಡದ ನಾಲ್ವರು ಒಂದೇ ಮದುವೆಗೆ ಊರಿಗೆ ಹೊರಟಿದ್ದರು. ತಂಡ ಆಡುವುದಿಲ್ಲ. ಸಾಮಾನ್ಯವಾಗಿ ಇಂಥಲ್ಲಿ ಎದುರಾಳಿಗೆ ವಾಕ್ ಓವರ್ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಆದರೆ ನಮ್ಮ ಪಟ್ಟಿ ನೋಡಿ. 12ನೇ ಸಾಲಿನವರಿಗೆ ಮೊದಲ ಸುತ್ತಿನಲ್ಲಿ ಬೈ. ಎರಡನೇ ಸುತ್ತಿನಲ್ಲಿ ವಾಕ್ ಓವರ್ ಸಿಕ್ಕರೆ ಅವರು ಒಂದು ಬಾಲ್ ಕೂಡ ಆಡದೆ ಕ್ವಾರ್ಟರ್ ಫೈನಲ್‌ನಲ್ಲಿರುತ್ತಾರೆ. ಹೋದ ವರ್ಷದ ಕಥೆಯೇ ಮತ್ತೆ. ಬೈ–ಬೈ ಪಂದ್ಯಗಳ ದೊಡ್ಡ ಅಪಾಯವೇ ಇದು. ವೇಳಾಪಟ್ಟಿಗೆ ಎಷ್ಟು ಅನುಕೂಲವೋ, ಒಬ್ಬರು ಕೈಕೊಟ್ಟರೆ ಅಷ್ಟೇ ಹಾನಿ.

ಅದೃಷ್ಟಕ್ಕೆ ನಿಯಮದ ಹಾಳೆಯಲ್ಲಿ ಒಂದು ವಾಕ್ಯ ಇತ್ತು. ಟೂರ್ನಿಯ ಮೊದಲ ಬಾಲ್ ಬೀಳುವವರೆಗೆ ಯಾವ ತಂಡ ಹಿಂದೆ ಸರಿದರೂ ಕಾಯುವ ಪಟ್ಟಿಯ ತಂಡ ಅದೇ ಸಾಲಿಗೆ ಬರುತ್ತದೆ. ಆಮೇಲೆ ಸರಿದರೆ ವಾಕ್ ಓವರ್. 12ನೇ ಸಾಲಿನ ನಾಯಕನಿಗೆ ಬೇಸರವಾಯಿತು. "ಸರ್, ನಮಗೆ ಸಿಕ್ಕಿದ್ದನ್ನ ಕಿತ್ಕೊಂಡ ಹಾಗಾಯ್ತು" ಅಂದ. ಹಾಳೆ ತೋರಿಸಿದೆ. ಕೆಳಗೆ ಅವನದೇ ಸಹಿ ಇತ್ತು. ಓದಿಕೊಂಡು ಸುಮ್ಮನಾದ. ಗುರುವಾರ ಬಂದಿದ್ದ ತಂಡ 13ನೇ ಸಾಲಿಗೆ ಸೇರಿತು. ಡ್ರಾ ಒಂದಿಷ್ಟೂ ಬದಲಾಗಲಿಲ್ಲ.

ಈಗ ಪಿಚ್ ವಿಷಯ. ಇದರಲ್ಲಿ ನಾವು ನಿಜಕ್ಕೂ ಎಡವಿದೆವು. ನಮ್ಮದು ಮಣ್ಣಿನ ಪಿಚ್. ಹೋದ ವರ್ಷ ಒಂದೇ ಪಿಚ್‌ನಲ್ಲಿ ಇಡೀ ದಿನ ಆಡಿಸಿ, ಮಧ್ಯಾಹ್ನದ ಹೊತ್ತಿಗೆ ಬೌಲರ್‌ಗಳ ಕಾಲು ಬೀಳುವ ಕಡೆ, ಬ್ಯಾಟ್ಸ್‌ಮನ್ ನಿಲ್ಲುವ ಕಡೆ ಗುಂಡಿ ಬಿದ್ದಿತ್ತು. ಬಾಲ್ ಒಮ್ಮೆ ಏಳುತ್ತಿತ್ತು, ಒಮ್ಮೆ ನೆಲಕ್ಕೇ ಅಂಟಿಕೊಂಡು ಬರುತ್ತಿತ್ತು. ಈ ಸಲ 22 ಗಜದ ಎರಡು ಪಿಚ್ ಅಕ್ಕಪಕ್ಕ ಮಾಡಿಸಿದೆವು, ನಡುವೆ ಸುಮಾರು ಹತ್ತು ಅಡಿ ಬಿಟ್ಟು. "ಎರಡರಲ್ಲೂ ಒಟ್ಟಿಗೇ ಆಡಿಸಿದ್ರೆ ಒಂದೇ ವಾರದಲ್ಲಿ ಮುಗಿಯುತ್ತಲ್ವಾ?" ಅಂತ ಕೆಲವರು ಕೇಳಿದರು. ಸಾಧ್ಯವೇ ಇಲ್ಲ. ಒಂದು ಪಂದ್ಯದ ಮಿಡ್ ವಿಕೆಟ್ ಫೀಲ್ಡರ್ ಇನ್ನೊಂದು ಪಂದ್ಯದ ಬ್ಯಾಟ್ಸ್‌ಮನ್‌ಗೆ ಬೆನ್ನು ಹಾಕಿ ನಿಲ್ಲಬೇಕಾಗುತ್ತದೆ. ಹಿಂದಿನಿಂದ ಬರುವ ಬಾಲ್ ಯಾರಿಗೂ ಕಾಣುವುದಿಲ್ಲ. ಎರಡನೇ ಪಿಚ್ ಇರುವುದು ಮೊದಲನೆಯದಕ್ಕೆ ವಿಶ್ರಾಂತಿ ಕೊಡಲು. ಭಾನುವಾರ ಬೆಳಗಿನ ಐದು ಪಂದ್ಯ ಒಂದನೇ ಪಿಚ್‌ನಲ್ಲಿ. ಶನಿವಾರದ ಪಂದ್ಯಗಳು, ಭಾನುವಾರ ಮಧ್ಯಾಹ್ನದ ಪಂದ್ಯಗಳು ಮತ್ತು ಫೈನಲ್ ಎರಡನೆಯದರಲ್ಲಿ.

ಮೊದಲ ಶನಿವಾರ ಆಟ ಮುಗಿಸಿ, ರಾತ್ರಿ ಎಂಟರ ಹೊತ್ತಿಗೆ ಒಂದನೇ ಪಿಚ್‌ಗೆ ನೀರು ಹಾಕಿಸಿದೆ. ಬೆಳಿಗ್ಗೆ ರೋಲರ್ ಎಳೆದರೆ ಗಟ್ಟಿಯಾಗುತ್ತೆ ಅನ್ನುವುದು ನನ್ನ ಲೆಕ್ಕ. ಜನವರಿಯ ಇಬ್ಬನಿಯನ್ನು ಮರೆತಿದ್ದೆ. ಭಾನುವಾರ ಆರೂವರೆಗೆ ಹೋಗಿ ಹೆಬ್ಬೆರಳು ಒತ್ತಿದರೆ ಗುರುತು ಉಳಿಯುತ್ತಿತ್ತು. ರೋಲರ್ ಹಾಕಿದರೆ ಮಣ್ಣು ರೋಲರ್‌ಗೇ ಅಂಟಿಕೊಂಡು ಎದ್ದು ಬಂತು. ಒಣ ಮಣ್ಣು ಉದುರಿಸಿ, ಬಿಸಿಲು ಬರುವವರೆಗೆ ಕಾದು, 7:15ರ ಪಂದ್ಯವನ್ನು 7:40ಕ್ಕೆ ಶುರು ಮಾಡಿದೆವು. ಆ ಪಂದ್ಯದಲ್ಲಿ ಮೊದಲು ಬ್ಯಾಟ್ ಮಾಡಿದವರಿಗೆ ಬಾಲ್ ನಿಂತು ನಿಂತು ಬರುತ್ತಿತ್ತು. ಅವರೇ ಸೋತರು. ಇದು ನನಗೆ ಇವತ್ತಿಗೂ ನೋವಿನ ವಿಷಯ.

ಮೈದಾನ ನೋಡಿಕೊಳ್ಳುವ ಅಣ್ಣ ಆಮೇಲೆ ಸರಿಯಾದ ಕ್ರಮ ಹೇಳಿದರು. ನಾಳೆ ಬೆಳಿಗ್ಗೆ ಬೇಕಾದ ಪಿಚ್‌ಗೆ ಇವತ್ತು ಮಧ್ಯಾಹ್ನ ಹನ್ನೆರಡಕ್ಕೇ ನೀರು ಹಾಕಬೇಕು. ಎರಡು ಮೂರು ಗಂಟೆ ಬಿಟ್ಟು, ಕೈಗೆ ಅಂಟದಷ್ಟು ಒಣಗಿದಾಗ ರೋಲರ್ ಎಳೆಯಬೇಕು. ರಾತ್ರಿ ಟಾರ್ಪಾಲು ಹೊದಿಸಬೇಕು. ಶನಿವಾರದ ಪಂದ್ಯಗಳು ಎರಡನೇ ಪಿಚ್‌ನಲ್ಲಿ ನಡೆಯುವುದರಿಂದ ಒಂದನೆಯದು ಆಗ ಖಾಲಿಯೇ ಇರುತ್ತದೆ. ನೀರು ಮಧ್ಯಾಹ್ನ, ರೋಲರ್ ಇನಿಂಗ್ಸ್‌ಗಳ ನಡುವಿನ ಬಿಡುವಿನಲ್ಲಿ. ಎರಡನೇ ವಾರ ಹಾಗೇ ಮಾಡಿದೆವು. ಭಾನುವಾರ 7:15ಕ್ಕೆ ಸರಿಯಾಗಿ ಮೊದಲ ಬಾಲ್ ಬಿತ್ತು. ಊಟದ ಬಿಡುವಿನಲ್ಲಿ ಗುಂಡಿಗಳಿಗೆ ತೇವದ ಮಣ್ಣು ತುಂಬಿ ದಿಮ್ಮಿಯಿಂದ ಬಡಿದೆವು.

ಮೊದಲ ಭಾನುವಾರಕ್ಕೆ ವಾಪಸ್ ಬರುತ್ತೇನೆ. ತಡವಾಗಿ ಶುರುವಾದ 4ನೇ ಪಂದ್ಯ ಮುಗಿದಾಗ 8:40. 5ನೇ ಪಂದ್ಯಕ್ಕೆ 17ನೇ ಸಾಲಿನ ತಂಡದಿಂದ ಬಂದಿದ್ದು ಮೂವರು ಮಾತ್ರ. ನಿಯಮದಂತೆ ಮೈದಾನ ಖಾಲಿಯಾದ ಮೇಲೆ 15 ನಿಮಿಷ ಕಾದೆವು. 8:55ಕ್ಕೆ ವಾಕ್ ಓವರ್ ಕೊಟ್ಟೆವು. ಉಳಿದವರು 9:10ಕ್ಕೆ ಬಂದರು. ಹೋದ ವರ್ಷದ ಹಾಗೇ ಎಲ್ಲ ತಡ ಆಗುತ್ತೆ ಅಂದುಕೊಂಡಿದ್ದರಂತೆ. ಅವರ ನಾಯಕನ ಕಣ್ಣಲ್ಲಿ ನೀರಿತ್ತು. ಆದರೆ 18ನೇ ಸಾಲಿನವರು ಎಂಟು ಗಂಟೆಯಿಂದ ಪ್ಯಾಡ್ ಕಟ್ಟಿಕೊಂಡು ನಿಂತಿದ್ದರು. 6ನೇ ಪಂದ್ಯ 9:15ಕ್ಕೆ, ಬರೆದ ಸಮಯಕ್ಕೇ ಶುರುವಾಯಿತು. ಈ ವಾಕ್ ಓವರ್ ಆಗದೇ ಇದ್ದಿದ್ದರೂ 10:15ರ ಖಾಲಿ ಅರ್ಧ ಗಂಟೆ ಆ 25 ನಿಮಿಷವನ್ನು ನುಂಗಿಕೊಳ್ಳುತ್ತಿತ್ತು. ಎರಡನೇ ವಾರ ಯಾವ ತಂಡವೂ ತಡವಾಗಿ ಬರಲಿಲ್ಲ.

ಫೈನಲ್‌ಗೆ ಬಂದವರು 9ನೇ ಸಾಲಿನ ತಂಡ ಮತ್ತು 20ನೇ ಸಾಲಿನ ತಂಡ. ಮೊದಲನೆಯವರು ನಾಲ್ಕು ಪಂದ್ಯ ಗೆದ್ದಿದ್ದರು, ಎರಡನೆಯವರು ಮೂರು. ಇಬ್ಬರೂ ಆ ಬೆಳಿಗ್ಗೆ ಎರಡೆರಡು ಪಂದ್ಯ ಆಡಿದ್ದರು, ಇಬ್ಬರಿಗೂ ಆ ಎರಡರ ನಡುವೆ ಸಿಕ್ಕಿದ್ದು ಒಂದೂವರೆ ಗಂಟೆಯೇ. ಫೈನಲ್‌ಗೆ ಮೊದಲು ಮೂರು ಗಂಟೆಗೂ ಮೀರಿ ಬಿಡುವಿತ್ತು. ಬೈಗಳೆಲ್ಲ ಮೊದಲ ಸುತ್ತಿನಲ್ಲೇ ಮುಗಿದರೆ, ವಾಕ್ ಓವರ್ ಬೀಳದ ಹೊರತು, ಫೈನಲ್‌ಗೆ ಬಂದವರ ನಡುವೆ ಒಂದು ಪಂದ್ಯಕ್ಕಿಂತ ಹೆಚ್ಚು ಅಂತರ ಬರಲು ಸಾಧ್ಯವಿಲ್ಲ. 9ನೇ ಸಾಲಿನವರು ಗೆದ್ದರು. ಬಹುಮಾನ ಕೊಡುವಾಗ ಬೆಳಕು ಇನ್ನೂ ಚೆನ್ನಾಗಿತ್ತು.

ಮುಂದಿನ ವರ್ಷಕ್ಕೆ ಈಗಾಗಲೇ 24 ತಂಡಗಳು ಹೆಸರು ಕೊಟ್ಟಿವೆ. ಎಂಟು ಬೈ, ಮೊದಲ ಸುತ್ತಿನಲ್ಲಿ ಎಂಟು ಪಂದ್ಯ. ಡ್ರಾ ಈ ಸಲಕ್ಕಿಂತ ಚೆನ್ನಾಗಿ ಕೂರುತ್ತದೆ: ಪ್ರತಿ ಬೈ ತಂಡದ ಎದುರಿಗೂ ಒಂದು ಮೊದಲ ಸುತ್ತಿನ ವಿಜೇತ ತಂಡ. ಬೈ–ಬೈ ಪಂದ್ಯ ಒಂದೂ ಇಲ್ಲ. ಆದರೆ ಅಲ್ಲಿ ಇಲ್ಲಿ ಸರಿಸಿಕೊಳ್ಳಬಹುದಾದ ಪಂದ್ಯವೂ ಇಲ್ಲ, ಮತ್ತು ಒಟ್ಟು ಪಂದ್ಯ 23. ಎರಡು ವಾರಾಂತ್ಯದಲ್ಲಿ ನಮಗಿರುವ ಜಾಗ 22. ಕೊನೆಯ ಭಾನುವಾರ ಆರಕ್ಕಿಂತ ಹೆಚ್ಚು ಪಂದ್ಯ ಇಡಲು ನಾನು ಒಪ್ಪುವುದಿಲ್ಲ, ಅಂದರೆ ನಿಜವಾದ ಲೆಕ್ಕ 20. ಮೂರು ಪಂದ್ಯಕ್ಕೆ ಜಾಗ ಬೇಕು. ಟೂರ್ನಿಗೆ ಮೊದಲಿನ ಒಂದು ಶನಿವಾರ ಮಧ್ಯಾಹ್ನ ಮೈದಾನ ಕೊಡಿ ಅಂತ ಸಂಘಕ್ಕೆ ಅರ್ಜಿ ಬರೆದು ಕೊಟ್ಟಿದ್ದೇವೆ.